ರಿಮೋಟ್ ಟೀಮಿಗೆ 'ಕೆಲಸ-ಬದುಕಿನ ಗಡಿ' ಕ್ಯಾರೊಸೆಲ್: ರೂಲ್ಸ್ ಬಿಟ್ಟು ಅನುಭವಗಳಿಂದ ಕಟ್ಟುವುದು ಹೇಗೆ?

ಮೂಲೆಮೇಜು

ಎಲ್ಲರಿಗೂ ನಮಸ್ಕಾರ. ನಮ್ಮದು ಪೂರ್ತಿ ರಿಮೋಟ್ ಕಂಪನಿ. ಸುಮಾರು 40 ಜನ ಇದ್ದೇವೆ, ಮೂರು ಟೈಮ್‌ಝೋನ್‌ಗಳಲ್ಲಿ ಹಂಚಿಹೋಗಿದ್ದೇವೆ. ಒಳಗಿನ ನ್ಯೂಸ್‌ಲೆಟರ್, ಹೊರಗಿನ ಸೋಷಿಯಲ್ ಮೀಡಿಯಾ ಎರಡೂ ನನ್ನ ಕೆಲಸ.

ಹೋದ ವರ್ಷ ಕೆಲಸ-ಬದುಕಿನ ಗಡಿ ಅಂತ ಒಂದು ಕ್ಯಾರೊಸೆಲ್ ಹಾಕಿದ್ದೆವು. ಸ್ಲೈಡಿಗೊಂದು ರೂಲ್. ಸಂಜೆ 6ರ ನಂತರ ಲ್ಯಾಪ್‌ಟಾಪ್ ಮುಚ್ಚಿ, ಮಲಗುವ ಕೋಣೆಯಲ್ಲಿ ಕೆಲಸ ಬೇಡ, ಹೀಗೆ. ಕೆಳಗೆ ಬಂದ ಮೊದಲ ಕಾಮೆಂಟ್ ಸಪೋರ್ಟ್ ಟೀಮಿನವರದು: "ನನ್ನ ಶಿಫ್ಟ್ ಶುರುವಾಗುವುದೇ 6ಕ್ಕೆ." ಎರಡನೆಯದು: "ನನಗಿರುವುದು ಒಂದೇ ಕೋಣೆ." ಆಮೇಲೆ ಯಾರೂ ಮಾತಾಡಲಿಲ್ಲ.

ಈ ಸಲ ನಮ್ಮವರ ಅನುಭವಗಳನ್ನೇ ಸ್ಲೈಡ್ ಮಾಡೋಣ ಅಂತ ಒಂದು ಫಾರ್ಮ್ ಕಳಿಸಿದೆವು. ಪ್ರಶ್ನೆ ಹೀಗಿತ್ತು: "ಮನೆಯಿಂದ ಕೆಲಸ ಮಾಡುವಾಗ ನೀವು ಗಡಿಯನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ?" ಉತ್ತರಗಳೇನೋ ಬಂದವು. ಆದರೆ ಎಲ್ಲ ಒಂದೇ ತರಹ. "ಇಲ್ಲ ಅನ್ನೋದನ್ನು ಕಲಿಯಬೇಕು", "ನಮ್ಮ ಸಮಯಕ್ಕೆ ನಾವು ಬೆಲೆ ಕೊಡಬೇಕು". ರೂಲ್ಸೇ ಬೇರೆ ಅಂಗಿ ಹಾಕಿಕೊಂಡು ಬಂದಂತಾಯಿತು.

ನನ್ನ ಪ್ರಶ್ನೆ ಎರಡು. ನಿಜವಾದ ಅನುಭವ ಬರಬೇಕಾದರೆ ಏನು ಕೇಳಬೇಕು? ಬಂದ ಮೇಲೆ, ಯಾರಿಗೂ ತೊಂದರೆ ಆಗದಂತೆ ಅದನ್ನು ಸ್ಲೈಡಿಗೆ ಇಳಿಸುವುದು ಹೇಗೆ?

ಸುಮ್ನೆಬಂದೆ

ಒಂದೇ ಕೋಣೆ ಇರುವವರ ಕಾಮೆಂಟೇ ಮೊದಲ ಸ್ಲೈಡ್ ಆಗಬೇಕಿತ್ತಲ್ವಾ?

ಕತ್ತರಿಕೈ

ಫಾರ್ಮಿನ ಪ್ರಶ್ನೆಯಲ್ಲೇ ತೊಂದರೆ ಇದೆ. "ಹೇಗೆ ಕಾಪಾಡಿಕೊಳ್ಳುತ್ತೀರಿ" ಅಂತ ಕೇಳಿದರೆ ಯಾರಾದರೂ ತಾವು ಮಾಡಬೇಕು ಅಂದುಕೊಂಡಿದ್ದನ್ನೇ ಹೇಳುತ್ತಾರೆ. ಮಾಡಿದ್ದನ್ನು ಹೇಳುವುದಿಲ್ಲ. ಮೇಲಾಗಿ "ಕಾಪಾಡಿಕೊಳ್ಳುತ್ತೀರಿ" ಅಂದಾಗ, ಅದು ಆಗದವರು ಫಾರ್ಮ್ ಮುಚ್ಚಿ ಹೋಗುತ್ತಾರೆ. ನಿಮಗೆ ಬೇಕಾಗಿರುವುದು ಅವರ ಮಾತೇ.

ಕೊನೆಯ ಸಲ ನಡೆದದ್ದನ್ನು ಕೇಳಿ. ನಾನು ಬಳಸುವ ಪ್ರಶ್ನೆಗಳು ಇವು. ಕೆಲಸದ ಸಮಯ ಮುಗಿದ ಮೇಲೆ ನಿಮಗೆ ಕೆಲಸದ ಮೆಸೇಜ್ ಬಂದಿದ್ದು ಕೊನೆಯ ಸಲ ಯಾವಾಗ? ಆಗ ಎಷ್ಟು ಗಂಟೆ, ನೀವು ಏನು ಮಾಡುತ್ತಿದ್ದಿರಿ? ಮೆಸೇಜಿನಲ್ಲಿ ಏನಿತ್ತು? ನೀವು ಏನು ಬರೆದಿರಿ, ಅಥವಾ ಬರೆಯಲಿಲ್ಲ? ಮರುದಿನ ಏನಾಯಿತು?

ಕೊನೆಯ ಪ್ರಶ್ನೆಯನ್ನು ಜಾಸ್ತಿ ಜನ ಕೇಳುವುದೇ ಇಲ್ಲ. "ನಾನು ಫೋನ್ ಆಫ್ ಮಾಡಿದೆ" ಅನ್ನುವಲ್ಲಿಗೆ ಸ್ಲೈಡ್ ಮುಗಿಸುತ್ತಾರೆ. ಓದುವವರಿಗೆ ತಿಳಿಯಬೇಕಾಗಿರುವುದು ಆಫ್ ಮಾಡಿದ ಮೇಲೆ ಏನಾಯಿತು ಅನ್ನುವುದು. ಬೈದರಾ, ಯಾರೂ ಗಮನಿಸಲೇ ಇಲ್ಲವಾ, ಬೇರೆಯವರ ತಲೆಗೆ ಹೋಯಿತಾ? ಅದಿಲ್ಲದಿದ್ದರೆ ಅದು ಅನುಭವ ಅಲ್ಲ, ಸಲಹೆ.

ಮತ್ತೆ, ಫಾರ್ಮಿಗಿಂತ ಹತ್ತು ನಿಮಿಷದ ಮಾತು ಒಳ್ಳೆಯದು. ಬರೆಯಲು ಕೂತರೆ ಜನ ಮರ್ಯಾದೆಯ ಭಾಷೆಗೆ ಹೋಗಿಬಿಡುತ್ತಾರೆ.

ಕಾಯ್ದೆಪುಸ್ತಕ

ನನಗೆ ಈ ಐಡಿಯಾನೇ ಹಿಡಿಸಲಿಲ್ಲ. ಅನುಭವ ಹಂಚಿಕೊಳ್ಳಿ ಅನ್ನುವುದು ಕಂಪನಿಗಳಿಗೆ ಬಹಳ ಅನುಕೂಲ. ಪಾಲಿಸಿ ಮಾಡುವ ಕಷ್ಟ ತಪ್ಪುತ್ತದೆ, ಗಡಿ ಹಾಕುವ ಹೊಣೆ ಉದ್ಯೋಗಿ ತಲೆ ಮೇಲೆ ಬೀಳುತ್ತದೆ. ಫ್ರಾನ್ಸ್‌ನಲ್ಲಿ 2017ರಿಂದಲೇ ಕಾನೂನು ಇದೆ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ, ಕೆಲಸದ ಸಮಯ ಮುಗಿದ ಮೇಲೆ ಬಾಸ್ ಮೆಸೇಜ್ ಮಾಡುವುದನ್ನೇ ನಿಷೇಧಿಸಿದರು. ಅದು ಬೇಕಾಗಿರುವುದು. ಕತೆ ಅಲ್ಲ.

ಕತ್ತರಿಕೈ

ಹೊಣೆಯ ಮಾತು ಒಪ್ಪುತ್ತೇನೆ. ಆಸ್ಟ್ರೇಲಿಯಾದ ವಿಷಯ ಹಾಗಲ್ಲ. ಅಲ್ಲಿ ಬಾಸ್ ಮೆಸೇಜ್ ಕಳಿಸಬಹುದು. ಅದನ್ನು ನೋಡದೆ, ಉತ್ತರಿಸದೆ ಇರುವ ಹಕ್ಕು ಉದ್ಯೋಗಿಗೆ ಇದೆ, ಹಾಗೆ ನಿರಾಕರಿಸುವುದು ಅಸಮಂಜಸ ಅನ್ನಿಸದಿದ್ದರೆ. ಅಸಮಂಜಸವೋ ಅಲ್ಲವೋ ಅನ್ನಲು ಸಂಪರ್ಕಿಸಿದ ಕಾರಣ, ನಿಮ್ಮ ಹುದ್ದೆ, ಹೆಚ್ಚಿನ ಸಮಯಕ್ಕೆ ಸಂಬಳ ಇದೆಯಾ, ಮನೆಯ ಪರಿಸ್ಥಿತಿ ಇವನ್ನೆಲ್ಲ ನೋಡುತ್ತಾರೆ. ಸಂಪರ್ಕಿಸಬಾರದು ಅಂತ ಮಾಲೀಕರ ಮೇಲೇ ಹೊಣೆ ಹಾಕಿದ್ದು ಪೋರ್ಚುಗಲ್, 2021ರಲ್ಲಿ. ಫ್ರಾನ್ಸ್‌ನದು 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳು ಈ ಬಗ್ಗೆ ಕಾರ್ಮಿಕರ ಜೊತೆ ಕೂತು ಮಾತಾಡಲೇಬೇಕು ಅನ್ನುವ ಕಾನೂನು.

ನೋಡಿ, ಕಾನೂನೇ "ಪರಿಸ್ಥಿತಿ ನೋಡಬೇಕು" ಅನ್ನುತ್ತದೆ. ಆ ಪರಿಸ್ಥಿತಿ ಹೇಗಿರುತ್ತದೆ ಅಂತ ತೋರಿಸಲು ಅನುಭವ ಬೇಕು.

ಕಾಯ್ದೆಪುಸ್ತಕ

ಸರಿ, ನಿಷೇಧ ಅಂದದ್ದು ಜಾಸ್ತಿಯಾಯಿತು. ಆದರೂ ಪಾಲಿಸಿ ಇಲ್ಲದ ಕಡೆ ಕ್ಯಾರೊಸೆಲ್ ಹಾಕುವುದು ಸರಿಯಲ್ಲ ಅನ್ನುವ ಮಾತಿಗೆ ನಾನು ಬದ್ಧ.

ನೀಲಿಕೊಡೆ

ಇದಕ್ಕೆ ಇಲ್ಲೇ ಉತ್ತರ ಸಿಗಬಹುದು ಅಂತ ಕೇಳುತ್ತಿದ್ದೇನೆ. ನನ್ನ ಲೀಡ್ ಬೇರೆ ಟೈಮ್‌ಝೋನ್‌ನಲ್ಲಿದ್ದಾರೆ. ನನಗೆ ರಾತ್ರಿ 9.30 ಆದಾಗ ಅವರಿಗೆ ಮಧ್ಯಾಹ್ನ. ಆ ಹೊತ್ತಿಗೆ "ಫ್ರೀ ಇದ್ದೀರಾ?" ಅಂತ ಮೆಸೇಜ್ ಬರುತ್ತದೆ. ಅಷ್ಟೇ, ಬೇರೇನೂ ಇರುವುದಿಲ್ಲ. ಎಷ್ಟು ದೊಡ್ಡ ವಿಷಯವೋ ಗೊತ್ತಾಗುವುದಿಲ್ಲ. ಮಗಳನ್ನು ಮಲಗಿಸುತ್ತಿದ್ದವಳು ಎದ್ದು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. "ಇದ್ದೇನೆ, ಹೇಳಿ" ಅಂತ ಬರೆದು ಕಾಯುತ್ತಿದ್ದೆ. ಇಪ್ಪತ್ತು ನಿಮಿಷ ಬಿಟ್ಟು ಮುಂದಿನ ವಾರದ ರಿಪೋರ್ಟ್ ಬಗ್ಗೆ ಕೇಳುತ್ತಿದ್ದರು.

ಒಂದಷ್ಟು ದಿನ ಉತ್ತರವನ್ನೇ ಕೊಡಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಆದರೆ ಅಪ್ರೈಸಲ್‌ನಲ್ಲಿ "ಬೇಕಾದಾಗ ಸಿಗುವುದು ಕಡಿಮೆ" ಅಂತ ಬರೆದಿತ್ತು. ಆಮೇಲಿಂದ ಒಂದೇ ಸಾಲು ಬರೆಯುತ್ತಿದ್ದೇನೆ: "ಇದು ಇವತ್ತೇ ಆಗಬೇಕಾ, ನಾಳೆ ಬೆಳಗ್ಗೆ 10ಕ್ಕೆ ಆದರೆ ನಡೆಯುತ್ತಾ?" ಬಹುತೇಕ "ನಾಳೆ ಸಾಕು" ಅಂತ ಬರುತ್ತದೆ. ಒಂದು ರಾತ್ರಿ ಮಾತ್ರ ಗ್ರಾಹಕರಿಗೆ ಲಾಗಿನ್ ಆಗುತ್ತಿರಲಿಲ್ಲ, ಆಗ ಕೂತು ಮಾಡಿದೆ. ಈಗೀಗ ಅವರೂ ಪೂರ್ತಿ ಪ್ರಶ್ನೆ ಬರೆಯುತ್ತಾರೆ, ಯಾವಾಗಲೂ ಅಲ್ಲ.

ಆ ಅಪ್ರೈಸಲ್ ಸಾಲನ್ನು ಈಗ ತೆಗೆಸಲು ಆಗುತ್ತದಾ? ಯಾರಿಗಾದರೂ ಗೊತ್ತಾ?

ಸುಮ್ನೆಬಂದೆ

ನೀಲಿಕೊಡೆ ಅವರೇ, ಇವರು ಕೇಳಿದ್ದು ಕ್ಯಾರೊಸೆಲ್ ಬಗ್ಗೆ. ಆದರೆ ನಿಮ್ಮದೇ ಕ್ಯಾರೊಸೆಲ್!

ಮೂಲೆಮೇಜು

ಹೌದು. ನನಗೆ ಫಾರ್ಮಿನಲ್ಲಿ ಒಂದೂ ಇಂಥದ್ದು ಬಂದಿಲ್ಲ. ನೀಲಿಕೊಡೆ ಅವರೇ, ಅಪ್ರೈಸಲ್ ಪ್ರಶ್ನೆಗೆ ತಿಳಿದವರು ಹೇಳಲಿ. ನಿಮ್ಮ ಈ ಅನುಭವವನ್ನು ನಮ್ಮ ಸ್ಲೈಡುಗಳಿಗೆ ಬಳಸಬಹುದಾ? ನೀವು ನಮ್ಮ ಕಂಪನಿಯವರಲ್ಲದ ಕಾರಣ ಯಾರಿಗೂ ನೀವು ಯಾರೆಂದು ತಿಳಿಯುವುದಿಲ್ಲ.

ನೀಲಿಕೊಡೆ

ಬಳಸಬಹುದು ಅನ್ನಿಸುತ್ತದೆ. ಆದರೆ ಹಾಕುವ ಮುಂಚೆ ಪೂರ್ತಿ ನೋಡಬೇಕು. ನನ್ನ ಲೀಡ್ ಕೆಟ್ಟವರಲ್ಲ. ಅವರನ್ನು ಕೆಟ್ಟವರಂತೆ ತೋರಿಸಬಾರದು.

ಪಾಳಿಮುಗಿಸಿದವ

ಅಪ್ರೈಸಲ್ ಬಗ್ಗೆ: ಸಾಲು ತೆಗೆಸುವುದು ಕಷ್ಟ. ಹಲವು ಕಡೆ ಉದ್ಯೋಗಿಯ ಅಭಿಪ್ರಾಯ ಬರೆಯಲು ಜಾಗ ಇರುತ್ತದೆ, ಅದರಲ್ಲಿ ಬರೆದು ಇಡಿ. ಯಾವ ಸಮಯದ ಮೆಸೇಜುಗಳು, ನಿಮ್ಮ ಕೆಲಸದ ಸಮಯ ಎಷ್ಟು, ಅಷ್ಟು ಸಾಕು. "ಬೇಕಾದಾಗ" ಅಂದರೆ ಯಾವಾಗ ಅಂತ ಕೇಳಿ, ಮೇಲ್‌ನಲ್ಲೇ ಕೇಳಿ.

ಕತ್ತರಿಕೈ

ಇದನ್ನೇ ಇಟ್ಟುಕೊಂಡು ಕಟ್ಟಿ ತೋರಿಸುತ್ತೇನೆ. ಹತ್ತು ಜನರ ಅನುಭವವನ್ನು ಹತ್ತು ಸ್ಲೈಡಿಗೆ ಹಾಕಬೇಡಿ. ಒಬ್ಬೊಬ್ಬರಿಗೆ ಒಂದು ಸ್ಲೈಡ್ ಕೊಟ್ಟರೆ ಅದು ಒಂದು ವಾಕ್ಯವಾಗುತ್ತದೆ, ಒಂದು ವಾಕ್ಯ ಅಂದರೆ ಮತ್ತೆ ರೂಲೇ. ಒಬ್ಬರದೇ ಒಂದು ಘಟನೆಗೆ ಪೂರ್ತಿ ಕ್ಯಾರೊಸೆಲ್ ಕೊಡಿ. ಉಳಿದವರದು ಮುಂದಿನ ವಾರಗಳಿಗೆ ಇರಲಿ.

ಸ್ಲೈಡ್ 1: ರಾತ್ರಿ 9.30. ಪರದೆಯ ಮೇಲೆ ಎರಡೇ ಪದ. "ಫ್ರೀ ಇದ್ದೀರಾ?"

ಸ್ಲೈಡ್ 2: ಏನು ವಿಷಯ ಅಂತ ಇಲ್ಲ. ಅರ್ಜೆಂಟಾ ಅಂತಲೂ ಇಲ್ಲ. ಎದ್ದು ಲ್ಯಾಪ್‌ಟಾಪ್ ತೆರೆದೆ. "ಇದ್ದೇನೆ, ಹೇಳಿ" ಅಂದೆ.

ಸ್ಲೈಡ್ 3: 9.50. ಉತ್ತರ ಬಂತು. ಮುಂದಿನ ವಾರದ ರಿಪೋರ್ಟ್ ಬಗ್ಗೆ.

ಸ್ಲೈಡ್ 4: ಆಮೇಲೆ ಕೆಲವು ದಿನ ಉತ್ತರ ಕೊಡಲಿಲ್ಲ. ಯಾರೂ ಏನೂ ಅನ್ನಲಿಲ್ಲ.

ಸ್ಲೈಡ್ 5: ಅಪ್ರೈಸಲ್‌ನಲ್ಲಿ ಒಂದು ಸಾಲು. "ಬೇಕಾದಾಗ ಸಿಗುವುದು ಕಡಿಮೆ."

ಸ್ಲೈಡ್ 6: ಈಗ ಹೀಗೆ ಬರೆಯುತ್ತೇನೆ. "ಇದು ಇವತ್ತೇ ಆಗಬೇಕಾ, ನಾಳೆ ಬೆಳಗ್ಗೆ 10ಕ್ಕೆ ಆದರೆ ನಡೆಯುತ್ತಾ?"

ಸ್ಲೈಡ್ 7: ಬಹುತೇಕ ರಾತ್ರಿ: "ನಾಳೆ ಸಾಕು." ಒಂದು ರಾತ್ರಿ: "ಗ್ರಾಹಕರಿಗೆ ಲಾಗಿನ್ ಆಗುತ್ತಿಲ್ಲ." ಆ ರಾತ್ರಿ ಕೂತೆ.

ಸ್ಲೈಡ್ 8: ಈಗ ಕೆಲವೊಮ್ಮೆ ಪೂರ್ತಿ ಪ್ರಶ್ನೆಯೇ ಬರುತ್ತದೆ. ಕೆಲವೊಮ್ಮೆ ಇನ್ನೂ ಎರಡೇ ಪದ.

ಗಮನಿಸಿ, ಯಾವ ಸ್ಲೈಡಿನಲ್ಲೂ "ನೀವು ಹೀಗೆ ಮಾಡಿ" ಇಲ್ಲ. ಆದರೆ 6ನೇ ಸ್ಲೈಡಿನ ಸಾಲನ್ನು ಯಾರಾದರೂ ಇವತ್ತೇ ನಕಲು ಮಾಡಿಕೊಂಡು ಬಳಸಬಹುದು. 7ನೆಯದರಲ್ಲಿ ಆ ಸಾಲಿಗೆ ಮಿತಿ ಇದೆ ಅಂತಲೂ ಗೊತ್ತಾಗುತ್ತದೆ. 2ನೇ ಸ್ಲೈಡ್ ಒಂಟಿಯಾಗಿ ಓದಿದರೂ ಅರ್ಥವಾಗಬೇಕು. ಇನ್‌ಸ್ಟಾಗ್ರಾಂನಲ್ಲಿ ಮೊದಲ ಸ್ಲೈಡನ್ನು ದಾಟಿ ಹೋದವರಿಗೆ ಕೆಲವೊಮ್ಮೆ ಎರಡನೆಯದನ್ನು ತೋರಿಸುತ್ತಾರೆ.

ನನ್ನ ಅನುಭವದಲ್ಲಿ, ಕಂಪನಿಯವರು ಮೊದಲು ತೆಗೆಯಿರಿ ಅನ್ನುವುದು 5ನೇ ಸ್ಲೈಡ್. ಅದನ್ನು ತೆಗೆದರೆ ಉಳಿದದ್ದು ಸುಳ್ಳಾಗುತ್ತದೆ. "ಉತ್ತರ ಕೊಡಲಿಲ್ಲ, ಆಮೇಲೆ ಒಂದು ಸಾಲು ಕಲಿತೆ" ಅಂತಾಗುತ್ತದೆ. ಉತ್ತರ ಕೊಡದೆ ಇದ್ದದ್ದಕ್ಕೆ ಅವರು ಬೆಲೆ ತೆತ್ತಿದ್ದಾರೆ. ಅದು ಕಾಣದಿದ್ದರೆ, ಓದಿದ ಹೊಸ ಹುಡುಗನೊಬ್ಬ ಸುಮ್ನೆ ಫೋನ್ ಪಕ್ಕಕ್ಕಿಟ್ಟು ಅದೇ ಪೆಟ್ಟು ತಿನ್ನುತ್ತಾನೆ.

ಅಕ್ಷರಜೋಡಣೆ

ಚೆನ್ನಾಗಿದೆ. ಆದರೆ ಕ್ಯಾರೊಸೆಲ್‌ಗೆ 10 ಸ್ಲೈಡ್ ಮಿತಿ ಅಲ್ವಾ, ಹಾಗಾಗಿ ಎರಡು ಘಟನೆ ಹಾಕಲು ಹೇಗೂ ಆಗುವುದಿಲ್ಲ.

ಡಿಸೈನ್ ಮಾಡುವವಳಾಗಿ ಒಂದು ಮಾತು. ಟೆಂಪ್ಲೇಟುಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಟ್ಟಿರುತ್ತಾರೆ. ಅದರಲ್ಲಿ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಉತ್ತರ ಕೊಡುತ್ತಿದ್ದೀರಾ" ಅನ್ನುವುದರ ಕೆಳಗೆ "ಅಪ್ರೈಸಲ್‌ನಲ್ಲಿ" ಬರೆದು ನೋಡಿ, ಗೊತ್ತಾಗುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಅಂತರ ಕೊಡಿ. 1080 x 1350 ಸ್ಲೈಡಿಗೆ ಆರು ಸಾಲು ದಾಟಿದರೆ ಫೋನಿನಲ್ಲಿ ಓದಲು ಕಷ್ಟ. ಮೇಲಿನ ಸ್ಲೈಡುಗಳು ಅಷ್ಟರೊಳಗೆ ಕೂರುತ್ತವೆ.

ಸುಮ್ನೆಬಂದೆ

ಇನ್‌ಸ್ಟಾಗ್ರಾಂನಲ್ಲಿ 2024ರಿಂದ 20ರವರೆಗೆ ಹಾಕಬಹುದು. ಲಿಂಕ್ಡ್‌ಇನ್‌ನಲ್ಲಿ ಪಿಡಿಎಫ್ ಆಗಿ ಹಾಕುತ್ತಾರೆ, ಅಲ್ಲಿ ಇನ್ನೂ ಜಾಸ್ತಿ ಪುಟ ಹಿಡಿಯುತ್ತದೆ.

ಅಕ್ಷರಜೋಡಣೆ

ಓ, 20 ಆಗಿದೆಯಾ? ಆದರೂ 8 ಸಾಕು.

ಕಿವಿಯಲ್ಲೇಓದು

ನಾನು ಸ್ಕ್ರೀನ್ ರೀಡರ್ ಬಳಸುವವನು. ನಿಮ್ಮ ಈ ಎಂಟು ಸ್ಲೈಡುಗಳು ಚಿತ್ರವಾಗಿ ಬಂದರೆ ನನಗೆ ಒಂದು ಅಕ್ಷರವೂ ಕೇಳಿಸುವುದಿಲ್ಲ. ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್ ಕೊಡಿ. ಅದರಲ್ಲಿ "ಬಿಳಿ ಹಿನ್ನೆಲೆಯಲ್ಲಿ ಬರಹ" ಅಂತಲ್ಲ, ಸ್ಲೈಡಿನ ಮಾತನ್ನೇ ಬರೆಯಿರಿ. ಪಿಡಿಎಫ್ ಆದರೆ ಪೂರ್ತಿ ಮಾತನ್ನು ಪೋಸ್ಟಿನ ಕೆಳಗೂ ಹಾಕಿ. ಚಾಟ್ ಬಬಲ್ ತೋರಿಸುವಾಗ ಯಾರು ಬರೆದದ್ದು ಅಂತ ಪದದಲ್ಲಿ ಇರಲಿ. ಎಡಕ್ಕೆ ಇದ್ದರೆ ಲೀಡ್, ಬಲಕ್ಕಿದ್ದರೆ ನಾನು ಅನ್ನುವುದು ನೋಡುವವರಿಗೆ ಮಾತ್ರ ಗೊತ್ತಾಗುತ್ತದೆ.

ಮೂಲೆಮೇಜು

ಇದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಸೇರಿಸಿಕೊಂಡೆ, ಧನ್ಯವಾದ.

ಟೀಮ್‌ನೋಡುವವ

ನಾನು ಈ ಕತೆಯಲ್ಲಿ ಆ ಕಡೆ ಕೂತವನು. ಲೀಡ್. ಮಧ್ಯಾಹ್ನ ನೆನಪಾದಾಗ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ಆಗಲೇ ಉತ್ತರ ಬೇಕು ಅಂತ ಖಂಡಿತ ಇರುವುದಿಲ್ಲ. "ಫ್ರೀ ಇದ್ದೀರಾ" ಅಂತ ಬರೆಯುವುದು ಮರ್ಯಾದೆಗೆ. ನೇರ ಕೆಲಸಕ್ಕೆ ಇಳಿದರೆ ಒರಟಾಗಿ ಕಾಣಬಾರದಲ್ಲ. ಮೇಲಿನ ಎಂಟು ಸ್ಲೈಡ್ ಓದಿದವರಿಗೆ ನನ್ನಂಥವನು ಕಾಟ ಕೊಡುವವನು ಅಂತ ಅನ್ನಿಸುತ್ತದೆ.

ಕತ್ತರಿಕೈ

ನಿಮ್ಮ ಮಾತಿಗೆ ಆಧಾರ ಇದೆ. ಲಾರಾ ಜರ್ಜ್ ಮತ್ತು ವನೆಸ್ಸಾ ಬಾನ್ಸ್ ಅನ್ನುವ ಸಂಶೋಧಕರು 2021ರಲ್ಲಿ ಇದನ್ನೇ ತೋರಿಸಿದರು. ಕೆಲಸದ ಸಮಯದ ಹೊರಗೆ ಬಂದ, ಅರ್ಜೆಂಟ್ ಅಲ್ಲದ ಮೇಲ್‌ಗೆ ಎಷ್ಟು ಬೇಗ ಉತ್ತರ ಬೇಕಿದೆ ಅನ್ನುವುದನ್ನು ಪಡೆದವರು ಜಾಸ್ತಿ ಅಂದಾಜು ಮಾಡುತ್ತಾರೆ. ಕಳಿಸಿದವರಿಗೆ ಅಷ್ಟು ಅವಸರ ಇರುವುದಿಲ್ಲ. ಅವಸರ ಇಲ್ಲ ಅಂತ ಕಳಿಸುವವರು ಒಂದು ಸಾಲು ಸೇರಿಸಿದರೆ ಆ ಅಂತರ ಕಡಿಮೆಯಾಗುತ್ತದೆ.

ಆದರೆ ನೀಲಿಕೊಡೆ ಅವರ ವಿಷಯದಲ್ಲಿ ಇನ್ನೊಂದು ಇದೆ. "ಅವಸರ ಇರಲಿಲ್ಲ" ಅನ್ನುವ ಲೀಡ್, ಅಪ್ರೈಸಲ್‌ನಲ್ಲಿ ಸಿಗುವುದಿಲ್ಲ ಅಂತ ಬರೆದರು. ಹಾಗಾದರೆ ಪಡೆದವರ ಅಂದಾಜು ತಪ್ಪಾಗಿರಲಿಲ್ಲ.

ಟೀಮ್‌ನೋಡುವವ

ಅದು ನಿಜ. ನಾನು ಅಪ್ರೈಸಲ್‌ನಲ್ಲಿ ಹಾಗೆ ಬರೆದಿಲ್ಲ. ಆದರೆ ನನ್ನ ಟೀಮಿನವರಿಗೆ ಅದು ಹೇಗೆ ಗೊತ್ತಾಗಬೇಕು?

ಎರಡುಪಾಲು

ಶೆಡ್ಯೂಲ್ ಸೆಂಡ್ ಇದೆಯಲ್ಲ. ಲೀಡ್ ಯಾವಾಗ ಬೇಕಾದರೂ ಬರೆಯಲಿ, ಅವರಿಗೆ ಬೆಳಗ್ಗೆ 10ಕ್ಕೆ ಹೋಗಲಿ. ಕತೆ ಮುಗಿಯಿತು. ಇದಕ್ಕೆ ಎಂಟು ಸ್ಲೈಡ್ ಯಾಕೆ?

ಪಾಳಿಮುಗಿಸಿದವ

ನಮ್ಮಲ್ಲಿ ಎಲ್ಲರೂ ಶೆಡ್ಯೂಲ್ ಸೆಂಡ್ ಶುರು ಮಾಡಿದರು. ಆಗ ಏನಾಯಿತು ಹೇಳುತ್ತೇನೆ. ಸೋಮವಾರ ಬೆಳಗ್ಗೆ ಲಾಗಿನ್ ಆಗುತ್ತಿದ್ದಂತೆ ರಾಶಿ ಮೆಸೇಜ್ ಒಟ್ಟಿಗೆ ಬೀಳುತ್ತಿತ್ತು. ಅದರಲ್ಲಿ ಕೆಲವು ಶುಕ್ರವಾರ ಬರೆದವು, ಅಷ್ಟರಲ್ಲಿ ವಿಷಯವೇ ಬದಲಾಗಿರುತ್ತಿತ್ತು. ಬೇರೆಯವರು ಸರಿಮಾಡಿದ್ದನ್ನು ಮತ್ತೆ ಸರಿಮಾಡಿ ಅಂತ ಹಳೇ ಮೆಸೇಜ್. ಇನ್ನೊಂದು, ಕಳಿಸುವವರ 9 ಗಂಟೆಗೆ ಇಟ್ಟರೆ ಬೇರೆ ಟೈಮ್‌ಝೋನ್‌ನವರಿಗೆ ಅದು ನಡುರಾತ್ರಿ. ಹಲವು ಸಲ ಆಗಿದೆ.

ನಾನು ಈಗ ಫೋನಿನಲ್ಲಿ ವರ್ಕ್ ಪ್ರೊಫೈಲ್ ಇಟ್ಟಿದ್ದೇನೆ. ಪಾಳಿ ಮುಗಿದಾಗ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಆಫೀಸಿನ ಆ್ಯಪ್‌ಗಳೆಲ್ಲ ಒಟ್ಟಿಗೆ ಮಲಗುತ್ತವೆ. ಆನ್‌ಕಾಲ್ ಇರುವ ವಾರ ಫೋನ್ ಕರೆ ಮಾತ್ರ ಬರುತ್ತದೆ. ನಿಜಕ್ಕೂ ಅರ್ಜೆಂಟ್ ಆದರೆ ಕರೆ ಮಾಡುತ್ತಾರೆ. ಕರೆ ಮಾಡುವುದು ಮೆಸೇಜ್ ಮಾಡಿದಷ್ಟು ಸುಲಭ ಅಲ್ಲ. ಹಾಗಾಗಿ ಕರೆ ಮಾಡುವ ಮುಂಚೆ ಅವರೇ ಒಂದು ಸಲ ಯೋಚಿಸುತ್ತಾರೆ.

ಎರಡುಪಾಲು

ಸೋಮವಾರದ ರಾಶಿ ಒಪ್ಪಿಕೊಂಡೆ, ನಮ್ಮಲ್ಲೂ ಇದೆ.

ನನ್ನದು ಪೂರ್ತಿ ಉಲ್ಟಾ. ಮಧ್ಯಾಹ್ನ 3ರಿಂದ 7ರವರೆಗೆ ನಾನು ಸಿಗುವುದಿಲ್ಲ. ಅಪ್ಪನಿಗೆ ಫಿಸಿಯೋಥೆರಪಿ, ಮಗನ ಹೋಮ್‌ವರ್ಕ್. ರಾತ್ರಿ 8ರಿಂದ 10ರವರೆಗೆ ಮತ್ತೆ ಕೂರುತ್ತೇನೆ, ನನಗೆ ಆಗ ತಲೆ ಚೆನ್ನಾಗಿ ಓಡುತ್ತದೆ. ಮ್ಯಾನೇಜರಿಗೆ ಗೊತ್ತು, ಕ್ಯಾಲೆಂಡರಿನಲ್ಲೂ ಹಾಕಿದ್ದೇನೆ. "6ಕ್ಕೆ ಲ್ಯಾಪ್‌ಟಾಪ್ ಮುಚ್ಚಿ" ಅನ್ನುವ ಪೋಸ್ಟರ್ ನೋಡಿದಾಗಲೆಲ್ಲ ನಾನೇನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ. ರಾತ್ರಿ 9ಕ್ಕೆ ಕೆಲಸ ಮಾಡುವವರೆಲ್ಲ ಬಲಿಪಶುಗಳಲ್ಲ.

ಕತ್ತರಿಕೈ

ಈ ಮಾತು ಬಹಳ ಮುಖ್ಯ. ಕ್ರಿಸ್ಟೀನಾ ನಿಪ್ಪರ್ಟ್-ಎಂಗ್ ಅನ್ನುವ ಸಮಾಜಶಾಸ್ತ್ರಜ್ಞೆ 1990ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಕೆಲವರಿಗೆ ಮನೆ ಮತ್ತು ಕೆಲಸ ಬೇರೆಬೇರೆ ಇದ್ದರೆ ನೆಮ್ಮದಿ, ಬೀಗದ ಕೈ ಗೊಂಚಲು ಕೂಡ ಬೇರೆ ಇಟ್ಟುಕೊಳ್ಳುತ್ತಾರೆ. ಕೆಲವರಿಗೆ ಎರಡೂ ಕಲೆತಿದ್ದರೇ ಹಿತ. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ.

ಎರಡುಪಾಲು ಅವರು ರಾತ್ರಿ 9ಕ್ಕೆ ಕೆಲಸ ಮಾಡುವುದು ತಾವೇ ಆರಿಸಿಕೊಂಡು. ನೀಲಿಕೊಡೆ ಅವರು 9.30ಕ್ಕೆ ಏಳುವುದು ಇನ್ನೊಬ್ಬರು ಕರೆದು. ಹೊರಗಿನಿಂದ ನೋಡಿದರೆ ಇಬ್ಬರ ಸ್ಟೇಟಸ್ಸೂ ಹಸಿರು. ಮೂಲೆಮೇಜು ಅವರೇ, ನಿಮ್ಮ ಎರಡನೇ ಕ್ಯಾರೊಸೆಲ್ ಎರಡುಪಾಲು ಅವರದು ಆಗಲಿ. ಮೊದಲನೆಯದು ಮಾತ್ರ ಹಾಕಿ ನಿಲ್ಲಿಸಿದರೆ "ರಾತ್ರಿ ಕೆಲಸ ಕೆಟ್ಟದ್ದು" ಅನ್ನುವ ಹೊಸ ರೂಲ್ ಹುಟ್ಟುತ್ತದೆ.

ಕಾಯ್ದೆಪುಸ್ತಕ

ಎರಡುಪಾಲು ಅವರಿಗೆ ಮ್ಯಾನೇಜರ್ ಒಪ್ಪಿಗೆ ಇದೆ. ಒಪ್ಪಿಗೆ ಸಿಗದವರ ಅನುಭವವನ್ನು ಯಾರು ಬರೆಯುತ್ತಾರೆ? ನಿಮ್ಮ ಕ್ಯಾರೊಸೆಲ್‌ಗೆ ಬರುವುದು ಗೆದ್ದವರ ಕತೆ ಮಾತ್ರ.

ಮೂಲೆಮೇಜು

ಇದು ನನಗೂ ಕೊರೆಯುತ್ತಿದೆ. ನಮ್ಮಲ್ಲಿ ಪ್ರೊಬೇಷನ್‌ನಲ್ಲಿರುವವರು ಯಾರೂ ಫಾರ್ಮ್ ತುಂಬಿಲ್ಲ. ಹೆಸರು ಬೇಡ ಅಂದಿದ್ದೆವು, ಆದರೂ ತುಂಬಿಲ್ಲ.

ಪಾಳಿಮುಗಿಸಿದವ

ಹೆಸರು ಬೇಡ ಅಂದರೂ ಫಾರ್ಮ್ ಆಫೀಸಿನ ಅಕೌಂಟಿನಲ್ಲೇ ತೆರೆಯುತ್ತಿತ್ತಾ? ಲಾಗಿನ್ ಕೇಳಿದರೆ ಯಾರು ನಂಬುತ್ತಾರೆ?

ಮೂಲೆಮೇಜು

ಹೌದು, ಲಾಗಿನ್ ಕೇಳುತ್ತಿತ್ತು. ಅದನ್ನು ಇವತ್ತೇ ತೆಗೆಸುತ್ತೇನೆ.

ಇನ್ನೊಂದು ಅನುಮಾನ. ಮುಂದೆ ನಮ್ಮವರದೇ ಘಟನೆ ಹಾಕುವಾಗ, 40 ಜನರಲ್ಲಿ ಗುರುತು ಸಿಗದಂತೆ ಮಾಡುವುದು ಹೇಗೆ? 9.30 ಅನ್ನುವುದನ್ನು 10.15 ಮಾಡಿ, ರಿಪೋರ್ಟ್ ಬದಲು ಪ್ರೆಸೆಂಟೇಷನ್ ಅಂದರೆ ಸಾಕಾ?

ಕತ್ತರಿಕೈ

ಬದಲಾಯಿಸಬೇಡಿ, ಅಳಿಸಿ. ಒಂದು ವಿವರ ಬದಲಾಯಿಸಿದರೂ ಅದು ನಡೆದ ಘಟನೆಯಾಗಿ ಉಳಿಯುವುದಿಲ್ಲ. ಮುಂದೆ ಯಾರಾದರೂ "ಇದು ನಿಜವಾ" ಅಂತ ಕೇಳಿದರೆ ನೀವು ತಡವರಿಸಬೇಕಾಗುತ್ತದೆ. ಅದರ ಬದಲು ಬಿಟ್ಟುಬಿಡಿ. ನಾನು ಮೇಲೆ ಮಗಳನ್ನು ಮಲಗಿಸುವ ಭಾಗ ಬಿಟ್ಟದ್ದು ಇದಕ್ಕೇ. ಚಿಕ್ಕ ಟೀಮಿನಲ್ಲಿ ಚಿಕ್ಕ ಮಗು ಇರುವವರು ಯಾರೆಂದು ಎಲ್ಲರಿಗೂ ಗೊತ್ತು. ಟೈಮ್‌ಝೋನ್ ಬಿಟ್ಟದ್ದೂ ಇದಕ್ಕೇ, ಬೇರೆ ಟೈಮ್‌ಝೋನ್‌ನ ಲೀಡ್ ಒಬ್ಬರೇ ಇರಬಹುದು. ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ. ಹೆಸರು ಮಸುಕು ಮಾಡಿದರೂ ಫೋಟೋದ ಬಣ್ಣ, ಬರೆಯುವ ಶೈಲಿ ಗೊತ್ತಾಗಿಬಿಡುತ್ತದೆ.

ಹೇಳಿದವರ ಒಪ್ಪಿಗೆಯನ್ನು ಎರಡು ಸಲ ಕೇಳಿ. ಮಾತಾಡುವಾಗ ಒಂದು ಸಲ, ಸ್ಲೈಡ್ ಸಿದ್ಧವಾದ ಮೇಲೆ ಒಂದು ಸಲ. ಒಳಗಿನ ಚಾನೆಲ್‌ಗೆ ಒಪ್ಪಿದವರು ಹೊರಗೆ ಹಾಕಲು ಒಪ್ಪದೆ ಇರಬಹುದು. ಅದನ್ನು ಬೇರೆಯಾಗಿಯೇ ಕೇಳಿ.

ನೀಲಿಕೊಡೆ

ಆದರೆ ಟೈಮ್‌ಝೋನ್ ತೆಗೆದದ್ದೇ ನನಗೆ ಸರಿಬರುತ್ತಿಲ್ಲ. ಅದು ತೆಗೆದರೆ ನನ್ನ ಲೀಡ್ ಬೇಕಂತಲೇ ರಾತ್ರಿ ಮೆಸೇಜ್ ಮಾಡುವವರ ಹಾಗೆ ಕಾಣುತ್ತಾರೆ. ಅವರಿಗೆ ಅದು ಮಧ್ಯಾಹ್ನ. ನನ್ನ ಗುರುತು ಮುಚ್ಚಲು ಹೋಗಿ ಅವರಿಗೆ ಅನ್ಯಾಯ ಆಗುತ್ತದೆ.

ಟೀಮ್‌ನೋಡುವವ

ಇದನ್ನೇ ನಾನು ಹೇಳಿದ್ದು.

ಅಕ್ಷರಜೋಡಣೆ

ಸ್ಲೈಡ್ 3ರಲ್ಲಿ ಎರಡು ಗಡಿಯಾರ ಹಾಕಿದರೆ? ಒಂದರಲ್ಲಿ 9.50, ಇನ್ನೊಂದರಲ್ಲಿ ಅವರ ಮಧ್ಯಾಹ್ನ. ಪದ ಏನೂ ಬೇಡ. (ಕಿವಿಯಲ್ಲೇಓದು ಅವರೇ, ಆಲ್ಟ್ ಟೆಕ್ಸ್ಟ್‌ನಲ್ಲಿ ಬರೆಯುತ್ತೇವೆ.)

ಕತ್ತರಿಕೈ

ಗಡಿಯಾರ ಹಾಕಿದರೆ ಗಂಟೆಗಳ ವ್ಯತ್ಯಾಸ ಲೆಕ್ಕ ಹಾಕಿ ಊರೇ ಕಂಡುಹಿಡಿಯಬಹುದು. "ಆ ಕಡೆ ಇನ್ನೂ ಹಗಲು" ಅಂತ ಮಾತ್ರ ಬರೆದರೆ ಸ್ವಲ್ಪ ವಾಸಿ. ನೀಲಿಕೊಡೆ ಅವರ ಸಹೋದ್ಯೋಗಿಗಳು ಇದನ್ನು ನೋಡಿದರೆ ಆಗಲೂ ಗುರುತು ಸಿಗಬಹುದು. ಎರಡನ್ನೂ ಪೂರ್ತಿ ಉಳಿಸಿಕೊಳ್ಳುವ ದಾರಿ ನನಗೆ ಕಾಣುತ್ತಿಲ್ಲ. ತೀರ್ಮಾನ ಅವರದೇ ಆಗಬೇಕು.

ನೀಲಿಕೊಡೆ

"ಆ ಕಡೆ ಇನ್ನೂ ಹಗಲು" ಇರಲಿ. ಆದರೆ ಮೂಲೆಮೇಜು ಅವರ ಕಂಪನಿಯ ಒಳಗೆ ಮಾತ್ರ. ಲಿಂಕ್ಡ್‌ಇನ್‌ನಲ್ಲಿ ಬೇಡ. ನಮ್ಮ ಆಫೀಸಿನವರೆಲ್ಲ ಅಲ್ಲಿದ್ದಾರೆ.

ಎರಡುಪಾಲು

ಕೊನೆಯ ಸ್ಲೈಡ್ ಬಗ್ಗೆ ಯಾರೂ ಹೇಳಲಿಲ್ಲ. ಸಾಮಾನ್ಯವಾಗಿ "ನಿಮ್ಮ ಗಡಿ ಯಾವುದು? ಕಾಮೆಂಟಿನಲ್ಲಿ ತಿಳಿಸಿ" ಅಂತ ಹಾಕುತ್ತಾರಲ್ಲ.

ಪಾಳಿಮುಗಿಸಿದವ

ಮ್ಯಾನೇಜರ್ ನೋಡುವ ಚಾನೆಲ್‌ನಲ್ಲಿ ಯಾರು ಬರೆಯುತ್ತಾರೆ? ಧೈರ್ಯ ಇರುವವರು, ಇಲ್ಲ ಮ್ಯಾನೇಜರ್‌ಗಳೇ. "ನಾನು ಭಾನುವಾರ ಫೋನ್ ಮುಟ್ಟುವುದಿಲ್ಲ" ಅಂತ ಡೈರೆಕ್ಟರ್ ಒಬ್ಬರು ಬರೆದರೆ ಕೆಳಗಿನವರೆಲ್ಲ ಸುಮ್ಮನಾಗುತ್ತಾರೆ. ಅವರ ಬದಲು ಫೋನ್ ಎತ್ತುವವರು ಇವರೇ ಅಲ್ವಾ.

ಕತ್ತರಿಕೈ

8ನೇ ಸ್ಲೈಡಿಗೇ ನಿಲ್ಲಿಸಿ. ಉತ್ತರ ಬೇಕಿದ್ದರೆ ಪೋಸ್ಟಿನ ಕೆಳಗೆ ಆ ಲಾಗಿನ್ ಇಲ್ಲದ ಫಾರ್ಮಿನ ಲಿಂಕ್ ಕೊಡಿ, ಒಂದೇ ಪ್ರಶ್ನೆ ಇಡಿ: ನಿಮಗೆ ಇಂಥದ್ದು ಆದ ಕೊನೆಯ ಸಲ ಏನಾಯಿತು?

ಕಾಯ್ದೆಪುಸ್ತಕ

ನನ್ನದೊಂದು ಸೇರಿಸಿ. ಫಾರ್ಮಿನ ಲಿಂಕ್ ಪಕ್ಕ, ಬಂದ ಉತ್ತರಗಳನ್ನು ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಅಂತಲೂ ಬರೆಯಿರಿ. ಐದಾರು ಜನ ಅಪ್ರೈಸಲ್ ಬಗ್ಗೆ ಅದೇ ಮಾತು ಹೇಳಿದರೆ ಅದು ಅನುಭವ ಮಾತ್ರ ಅಲ್ಲ, ದೂರು. ಅದು ಮುಂದಿನ ಸ್ಲೈಡಿಗೆ ಹೋಗಬಾರದು, ಎಚ್‌ಆರ್ ಮೇಜಿಗೆ ಹೋಗಬೇಕು.

ಮೂಲೆಮೇಜು

ಇದನ್ನು ಹಾಗೇ ಬರೆಯುತ್ತೇನೆ. ಓದುವುದು ನಾನು ಮತ್ತು ಎಚ್‌ಆರ್‌ನ ಒಬ್ಬರು.

ಈವರೆಗಿನ ತೀರ್ಮಾನ: ನೀಲಿಕೊಡೆ ಅವರದು ಮೊದಲು, ಒಳಗಿನ ಚಾನೆಲ್‌ನಲ್ಲಿ ಮಾತ್ರ, "ಹೊರಗಿನವರೊಬ್ಬರ ಅನುಭವ" ಅಂತ ಮೇಲೆ ಬರೆದು. ಎರಡುಪಾಲು ಅವರದು ಎರಡನೆಯದು, ಅವರು ಒಪ್ಪಿದರೆ. ಇವತ್ತು ಡ್ರಾಫ್ಟ್ ಎಚ್‌ಆರ್‌ಗೆ ತೋರಿಸಿದೆ. 5ನೇ ಸ್ಲೈಡ್ "ನೆಗೆಟಿವ್ ಆಗಿದೆ, ಬೇರೆ ರೀತಿ ಹೇಳಬಹುದಾ" ಅಂತ ಕೇಳಿದ್ದಾರೆ. ಬೇರೆ ರೀತಿ ಹೇಳಲು ಆಗುವುದಿಲ್ಲ ಅಂತ ಹೇಳಿದ್ದೇನೆ. ಗುರುವಾರ ಮತ್ತೆ ಮಾತಾಡಬೇಕು.

ಎರಡುಪಾಲು

ನನ್ನದು ಹಾಕಿ. ಅಪ್ಪನ ಫಿಸಿಯೋಥೆರಪಿ ತೆಗೆಯಿರಿ, "ಮನೆಯ ಕೆಲಸ" ಸಾಕು.

ನೀಲಿಕೊಡೆ

5 ತೆಗೆದರೆ ನನ್ನ ಒಪ್ಪಿಗೆ ಇಲ್ಲ.

ಪಾಳಿಮುಗಿಸಿದವ

ಅದನ್ನು ಪೋಸ್ಟ್ ಮಾಡುವ ಸಮಯವನ್ನೂ ನೋಡಿಕೊಳ್ಳಿ. ಚಾನೆಲ್‌ನಲ್ಲಿ ಎಲ್ಲರನ್ನೂ ಟ್ಯಾಗ್ ಮಾಡಿದರೆ ಯಾರದೋ ರಾತ್ರಿಗೆ ನೋಟಿಫಿಕೇಶನ್ ಹೋಗುತ್ತದೆ.

ಮೂಲೆಮೇಜು

ಮೂರೂ ಟೈಮ್‌ಝೋನ್‌ನವರು ಒಟ್ಟಿಗೆ ಕೆಲಸದಲ್ಲಿರುವ ಹೊತ್ತು ದಿನಕ್ಕೆ ಒಂದು ಗಂಟೆ ಮಾತ್ರ ಇದೆ. ಅದರಲ್ಲೂ ಸಪೋರ್ಟ್‌ನ ಸಂಜೆ ಪಾಳಿಯವರು ಇರುವುದಿಲ್ಲ. ಟ್ಯಾಗ್ ಮಾಡದೆ ಹಾಕುತ್ತೇನೆ, ಪಾಳಿಯವರಿಗೆ ಅವರ ಶಿಫ್ಟ್ ಶುರುವಾದ ಮೇಲೆ ಅವರ ಚಾನೆಲ್‌ನಲ್ಲಿ ಬೇರೆಯಾಗಿ ಹಾಕುತ್ತೇನೆ. ಗುರುವಾರ ಎಚ್‌ಆರ್ ಏನಂದರು ಅಂತ ಇಲ್ಲಿ ಬರೆಯುತ್ತೇನೆ.